ಒಂಬತ್ತು ವರ್ಷದ ಬಿಡುವು: ರೆಸ್ಯೂಮೆಯಲ್ಲಿ ಏನು ಬರೆಯಬೇಕು?

ಮತ್ತೆ ಕೆಲಸ ಹುಡುಕಲು ನನ್ನ ಸಲಹೆ ಕೇಳಿ ಬಂದ ಮಹಿಳೆಯೊಬ್ಬರ ಕಥೆಯನ್ನು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಹಿಡಿದು ಬರುವವರು ಜಾಸ್ತಿಯಾಗುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಮನೆಯವರೋ ಸ್ನೇಹಿತರೋ ತಪ್ಪು ಸಲಹೆ ಕೊಟ್ಟಿರುತ್ತಾರೆ.

ಆಕೆಗೆ ನಲವತ್ತೊಂದು ವರ್ಷ. ಬೆಂಗಳೂರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಆರು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದವರು. ಮಗು ಹುಟ್ಟಿದ ಮೇಲೆ, 2015ರ ಮೇ ತಿಂಗಳಲ್ಲಿ ಕೆಲಸ ಬಿಟ್ಟರು. ಆಮೇಲೆ ಅತ್ತೆಗೆ ಡಯಾಲಿಸಿಸ್ ಶುರುವಾಯಿತು. ನನ್ನ ಬಳಿ ಬಂದದ್ದು 2024ರ ಆರಂಭದಲ್ಲಿ.

ರೆಸ್ಯೂಮೆ ತಂದಿದ್ದರು. ಅದರಲ್ಲಿ "2015–2024: ಫ್ರೀಲಾನ್ಸ್ ಅಕೌಂಟೆಂಟ್" ಎಂದಿತ್ತು. ತಮ್ಮನ ಸ್ನೇಹಿತ ಹಾಗೆ ಬರೆಯಿರಿ ಅಂದಿದ್ದನಂತೆ. ನಾನು ಬುದ್ಧಿ ಹೇಳಲು ಹೋಗಲಿಲ್ಲ. ಸಂದರ್ಶನ ಮಾಡುವವರ ಹಾಗೆ ಕೇಳಿದೆ: "ಯಾವ ಯಾವ ಕ್ಲೈಂಟ್‌ಗಳ ಕೆಲಸ ಮಾಡ್ತಿದ್ರಿ? ಜಿಎಸ್‌ಟಿ ರಿಟರ್ನ್ ನೀವೇ ಹಾಕ್ತಿದ್ರಾ?"

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಮೇಡಂ, ನಿಜ ಹೇಳ್ಬೇಕು ಅಂದ್ರೆ ಯಾಕೆ ಬಿಟ್ರಿ ಅಂತ ಕೇಳಿದ್ರೆ ನಂಗೆ ಭಯ ಇಲ್ಲ. ಜಿಎಸ್‌ಟಿ ಬಗ್ಗೆ ಕೇಳಿದ್ರೆ ಭಯ. ನಾನು ಬಿಟ್ಟಾಗ ವ್ಯಾಟ್ ಇತ್ತು."

ನಮ್ಮ ಮಾತುಕತೆಯ ದಾರಿ ಬದಲಾಗಿದ್ದು ಇಲ್ಲೇ. ಜಿಎಸ್‌ಟಿ ಜಾರಿಯಾದದ್ದು 2017ರ ಜುಲೈ 1ರಂದು. ಆಕೆ ಕಲಿತಿದ್ದ ವ್ಯಾಟ್, ಎಕ್ಸೈಸ್ ಲೆಕ್ಕಗಳ ಬಹುಪಾಲು ಅದರೊಂದಿಗೆ ಹೋಯಿತು. ಬಿಡುವಿನ ವರ್ಷಗಳಿಗಿಂತ, ಆ ವರ್ಷಗಳಲ್ಲಿ ಕೆಲಸವೇ ಬದಲಾದದ್ದು ಆಕೆಯನ್ನು ಹೆದರಿಸಿತ್ತು. ಆ ಭಯವನ್ನು ಮುಚ್ಚಿಡಲು "ಫ್ರೀಲಾನ್ಸ್" ಎಂಬ ಸುಳ್ಳು. ಆದರೆ ಆ ಸುಳ್ಳೇ ಸಂದರ್ಶಕರನ್ನು ನೇರವಾಗಿ ಜಿಎಸ್‌ಟಿ ಪ್ರಶ್ನೆಗೆ ಕರೆದೊಯ್ಯುತ್ತದೆ ಅಲ್ವಾ?

ಕೆಲವರು ಹಳೇ ಕೆಲಸದ ದಿನಾಂಕವನ್ನೇ ಒಂದೆರಡು ವರ್ಷ ಎಳೆದು ಬರೆಯುತ್ತಾರೆ. ಅದು ಇನ್ನೂ ಅಪಾಯ. ಪಿಎಫ್ ಇದ್ದವರ ಯುಎಎನ್ ಖಾತೆಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ. ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೈಗೆ ಬಂದ ಆಫರ್ ಕೂಡ ಹೋಗಬಹುದು.

ನಾನು ಮೊದಲು ರೆಸ್ಯೂಮೆ ತಿದ್ದಿಸಲಿಲ್ಲ. ಪರಿಚಯದ ತೆರಿಗೆ ಸಲಹೆಗಾರರೊಬ್ಬರ ಕಚೇರಿಗೆ ಮೂರು ತಿಂಗಳು ಹೋಗಿ ಅಂದೆ. ಅಲ್ಲಿ ಪ್ರತಿ ತಿಂಗಳು ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿಯ ಜೊತೆ ತಾಳೆ ನೋಡುವ ಕೆಲಸ ಆಕೆಗೆ ಸಿಕ್ಕಿತು. ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸದ ಬಿಲ್ ಆ ಪಟ್ಟಿಯಲ್ಲಿ ಬರುವುದಿಲ್ಲ. ಅದರ ತೆರಿಗೆ ಕ್ರೆಡಿಟ್ ಆ ತಿಂಗಳು ಪಡೆಯುವಂತಿಲ್ಲ. ಅಂಥ ಬಿಲ್‌ಗಳನ್ನು ಹುಡುಕಿ, ಮಾರಿದವರಿಗೆ ಫೋನ್ ಮಾಡಿ ಹಾಕಿಸಬೇಕು. ಹಳೇ ಅನುಭವ ಇದ್ದವರಿಗೆ ಇದು ಬೇಗ ಕೈಗೆ ಹತ್ತುತ್ತದೆ.

ಆಮೇಲೆ ರೆಸ್ಯೂಮೆಯಲ್ಲಿ ಎರಡು ಸಾಲು ಬಂದವು:

"ಮೇ 2015 – ಜನವರಿ 2024: ಕುಟುಂಬದ ಆರೈಕೆಗಾಗಿ ವೃತ್ತಿ ವಿರಾಮ."
"ಫೆಬ್ರವರಿ – ಏಪ್ರಿಲ್ 2024: ತೆರಿಗೆ ಸಲಹೆಗಾರರ ಕಚೇರಿಯಲ್ಲಿ ವೇತನರಹಿತ ತರಬೇತಿ. ಜಿಎಸ್‌ಟಿಆರ್-2ಬಿ ತಾಳೆ, ಟ್ಯಾಲಿ ಪ್ರೈಮ್."

ವೇತನರಹಿತ ಎಂದು ಬರೆಯಲು ಆಕೆಗೆ ಮುಜುಗರವಿತ್ತು. ಇರಲಿ ಅಂದೆ. ಯಾರಾದರೂ ಆ ಕಚೇರಿಗೆ ಫೋನ್ ಮಾಡಿದರೂ ಇದೇ ಉತ್ತರ ಸಿಗುತ್ತದೆ.

ಈ ಬಿಡುವನ್ನು "ಮನೆ ನಿರ್ವಹಣೆಯ ಅನುಭವ" ಎಂದು ಬರೆಸುವ ಸಲಹೆಗಾರರೂ ಇದ್ದಾರೆ. ನಾನು ಬರೆಸುವುದಿಲ್ಲ. ಇದಕ್ಕೆ ನನ್ನ ಮೇಲೆ ಆಕ್ಷೇಪ ಬಂದಿದೆ, ಹೆಣ್ಣುಮಕ್ಕಳ ದುಡಿಮೆಗೆ ಬೆಲೆ ಕೊಡುತ್ತಿಲ್ಲ ಎಂದು. ಬೆಲೆ ಇದೆ ಎಂದೇ ಅದಕ್ಕೆ ಹುದ್ದೆಯ ಹೆಸರು ಅಂಟಿಸಲು ನನಗೆ ಮನಸ್ಸಿಲ್ಲ. ವಾರಕ್ಕೆ ಮೂರು ದಿನ ಅತ್ತೆಯನ್ನು ಡಯಾಲಿಸಿಸ್‌ಗೆ ಕರೆದೊಯ್ದದ್ದು ಕೆಲಸಕ್ಕೆ ಅರ್ಹತೆ ಅಂತ ಸಾಬೀತು ಮಾಡಬೇಕಾದ ವಿಷಯವೇ ಅಲ್ಲ.

ಸಂದರ್ಶನದ ಉತ್ತರಕ್ಕೆ ಜಾಸ್ತಿ ಅಭ್ಯಾಸ ಬೇಕಾಯಿತು. ಮೊದಲ ಸಲ ಮಗುವಿನ ಜ್ವರ, ಅತ್ತೆಯ ರಿಪೋರ್ಟು, ಗಂಡನ ವರ್ಗಾವಣೆ ಎಲ್ಲ ಬಂತು, ಕೊನೆಗೆ "ಸಾರಿ" ಕೂಡ. ಕತ್ತರಿಸುತ್ತಾ ಹೋದೆವು. ಉಳಿದದ್ದು ಇಷ್ಟು: "ಮಗು ಮತ್ತು ಮನೆಯ ಹಿರಿಯರ ಆರೈಕೆಗೆ ಬಿಟ್ಟೆ. ಈಗ ಆ ಜವಾಬ್ದಾರಿ ಮುಗಿದಿದೆ. ಮೂರು ತಿಂಗಳಿಂದ ಜಿಎಸ್‌ಟಿ ತಾಳೆ ಕೆಲಸ ಮಾಡ್ತಿದೀನಿ, ಅದರ ಬಗ್ಗೆ ಕೇಳಿ." ಇಲ್ಲಿಗೆ ನಿಲ್ಲಿಸಬೇಕು. ಎದುರಿಗಿದ್ದವರು ಮಾತಾಡದಿದ್ದರೂ ಆ ಮೌನ ತುಂಬಲು ಹೋಗಬಾರದು. ಬೇಡದ ಸಮಜಾಯಿಷಿ ಬಾಯಿಗೆ ಬರುವುದು ಆಗಲೇ.

"ಮತ್ತೆ ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ?" ಎಂಬ ಪ್ರಶ್ನೆಗೂ ತಯಾರಾದೆವು. ಎಂದೂ ರಜೆ ಹಾಕಲ್ಲ ಎಂಬ ಮಾತು ಬೇಡ ಅಂದೆ. "ಎಲ್ಲರ ಹಾಗೆ ರಜೆ ಬೇಕಾಗಬಹುದು. ರಿಟರ್ನ್ ಹಾಕುವ ದಿನಗಳಲ್ಲಿ ಮಗಳನ್ನ ನೋಡಿಕೊಳ್ಳೋಕೆ ನನ್ನ ಅಮ್ಮ ಇರ್ತಾರೆ" ಎಂಬುದು ಆಕೆಯದೇ ಉತ್ತರ.

ಮೂರನೇ ಸಂದರ್ಶನದಲ್ಲಿ ಕೆಲಸ ಸಿಕ್ಕಿತು. ಸಂಬಳ ಕೇಳಿದ್ದಕ್ಕಿಂತ ಕಡಿಮೆ. ಆರು ತಿಂಗಳಿಗೆ ಮರುಪರಿಶೀಲನೆ ಎಂದು ಆಫರ್ ಪತ್ರದಲ್ಲೇ ಬರೆಸಿಕೊಂಡು ಸೇರಿದರು.