ಬೋನಸ್ ಲೆಕ್ಕ ತಾಳೆಯಾಗದಿದ್ದರೆ ಎಲ್ಲಿ ನೋಡಬೇಕು?

ಪ್ರಶ್ನೆ: ಉಡುಪಿಯವನು. 2017ರ ಆಗಸ್ಟ್‌ನಲ್ಲಿ 5 ಲಕ್ಷ ರೂಪಾಯಿಯ 20 ವರ್ಷದ ಎಂಡೋಮೆಂಟ್ ಪಾಲಿಸಿ ಮಾಡಿಸಿದ್ದೆ. ವಾರ್ಷಿಕ ಕಂತು 25,000. ಕಳೆದ ಆಗಸ್ಟ್‌ಗೆ 9 ಕಂತು ಮುಗಿದವು. ಮುಂದೆ ಎಷ್ಟು ಸಿಗಬಹುದೆಂದು ವರ್ಷವಾರು ತೋರಿಸುವ ಇಲ್ಲಸ್ಟ್ರೇಷನ್ ಪತ್ರದ 9ನೇ ಸಾಲಿನಲ್ಲಿ ಶೇ. 8ರ ಕೆಳಗೆ ಬೋನಸ್ 2,07,000 ಎಂದಿದೆ, ಕಂಪನಿಯ ಸ್ಟೇಟ್‌ಮೆಂಟಿನಲ್ಲಿ 1,65,000 ಮಾತ್ರ. ಬೋನಸ್ ದರ ಮೊದಲ 5 ವರ್ಷ ಸಾವಿರಕ್ಕೆ 42, ಆಮೇಲೆ 40. ಕಟ್ಟಿದ ಹಣ ಪತ್ರದಲ್ಲಿ 2,25,000, ನನ್ನ ರಸೀದಿಗಳಲ್ಲಿ 2,30,625. ಪತ್ರದಲ್ಲಿರುವಂತೆ ಕೊನೆಗೆ 10,60,000 ಸಿಗುತ್ತದೆಯೇ?

ಉತ್ತರ: ಮಂಗಳೂರಿನ ಒಂದು ವಿಮಾ ಶಾಖೆಯಲ್ಲಿ ಬಹಳ ವರ್ಷ ಕೌಂಟರಿನಲ್ಲಿ ಕುಳಿತವನು ನಾನು. ನಿಮ್ಮ ಹಣ ಎಲ್ಲಿಯೂ ಕಳೆದಿಲ್ಲ. ಆದರೆ 10,60,000 ಸಿಗುವುದು ಕಷ್ಟ.

ಮೊದಲು ರಸೀದಿಗಳ ವಿಷಯ. ಇಲ್ಲಸ್ಟ್ರೇಷನ್‌ನಲ್ಲಿ ತೋರಿಸುವುದು ತೆರಿಗೆ ಸೇರಿಸದ ಕಂತನ್ನು. ಎಂಡೋಮೆಂಟ್ ಕಂತಿನ ಮೇಲೆ ಮೊದಲ ವರ್ಷ ಶೇ. 4.5, ಆಮೇಲೆ ಶೇ. 2.25 ಜಿಎಸ್‌ಟಿ ಇತ್ತು. ಮೊದಲ ಕಂತಿಗೆ 1,125, ಉಳಿದ ಎಂಟಕ್ಕೆ ತಲಾ 562 ರೂಪಾಯಿ 50 ಪೈಸೆ. ಒಟ್ಟು 5,625, ಅಂದರೆ ನಿಮ್ಮ ವ್ಯತ್ಯಾಸ ಪೈಸೆ ಬಿಡದೆ ಇಷ್ಟೇ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಈ ತೆರಿಗೆ ಇಲ್ಲ. ಮುಂದಿನ ಕಂತಿನ ರಸೀದಿಯಲ್ಲಿ ಸರಿಯಾಗಿ 25,000 ಇರಬೇಕು. ಇಲ್ಲದಿದ್ದರೆ ಮಾತ್ರ ಶಾಖೆಗೆ ಹೋಗಿ.

ಬೋನಸ್‌ನಲ್ಲಿ ನೀವು ಸಾಲು ತಪ್ಪಿದ್ದೀರಿ. ಕಂತು ವರ್ಷದ ಆರಂಭದಲ್ಲಿ ಕಟ್ಟುವುದು, ಪತ್ರದ ಅಂಕಿಗಳು ವರ್ಷದ ಕೊನೆಯವು. ಒಂಬತ್ತು ಕಂತು ಕಟ್ಟಿದ್ದರೂ ಮುಗಿದದ್ದು ಎಂಟೇ ಪಾಲಿಸಿ ವರ್ಷ, ಒಂಬತ್ತನೆಯದು ನಡೆಯುತ್ತಿದೆ. ಆದ್ದರಿಂದ 8ನೇ ಸಾಲನ್ನು ನೋಡಿ, ಅಲ್ಲಿ 1,84,000 ಇರುತ್ತದೆ. ಕೌಂಟರಿಗೆ ಬರುತ್ತಿದ್ದ ಜಗಳಗಳಲ್ಲಿ ಅರ್ಧ ಈ ಒಂದು ಸಾಲಿನವು.

ಈಗ ಉಳಿದದ್ದು 19,000. ಬೋನಸ್ ಲೆಕ್ಕ ಹಾಕುವುದು ನೀವು ಕಟ್ಟಿದ ಹಣದ ಮೇಲಲ್ಲ, ವಿಮಾ ಮೊತ್ತದ ಪ್ರತಿ ಸಾವಿರದ ಮೇಲೆ. ನಿಮ್ಮ ಪತ್ರದ ಬೋನಸ್ ಕಾಲಮಿನಲ್ಲಿ ಪ್ರತಿ ವರ್ಷ ಒಂದೇ ಸಮ 23,000 ಏರಿದೆ, ಅಂದರೆ ಸಾವಿರಕ್ಕೆ 46. ಏರಿಕೆ ಒಂದೇ ಸಮ ಇದ್ದರೆ ಅದು ಸರಳ ಬೋನಸ್. ಬೋನಸ್ ಮೇಲೆ ಬೋನಸ್ ಬೆಳೆಯುವುದಿಲ್ಲ. ಕಂಪನಿ ನಿಜವಾಗಿ ಘೋಷಿಸಿದ್ದು 42ರಂತೆ ಐದು ವರ್ಷ, ಅಂದರೆ 1,05,000. 40ರಂತೆ ಮೂರು ವರ್ಷ, ಅಂದರೆ 60,000. ಕೂಡಿದರೆ 1,65,000. ಸ್ಟೇಟ್‌ಮೆಂಟ್ ಸರಿಯಾಗಿದೆ, ತಪ್ಪಿದ್ದು ಊಹೆ.

ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯ ಬ್ಯಾಂಕ್‌ಗಳು ಹುಟ್ಟಿದ ಜಿಲ್ಲೆಯವರು ನಾವು, ಎಲ್ಲ ಕಾಗದವನ್ನೂ ಠೇವಣಿ ರಸೀದಿಯಂತೆ ಓದುತ್ತೇವೆ. ಶೇ. 8 ಎಂದರೆ ನಿಮಗೆ ಸಿಗುವ ಬಡ್ಡಿಯಲ್ಲ. ಕಂಪನಿಯ ನಿಧಿ ಖರ್ಚು ಕಳೆಯುವ ಮೊದಲು ಅಷ್ಟು ಗಳಿಸಿದರೆ ಎಂಬ ಊಹೆ. ವಿಮಾ ನಿಯಂತ್ರಣ ಪ್ರಾಧಿಕಾರ ಶೇ. 4 ಮತ್ತು ಶೇ. 8 ಎರಡನ್ನೂ ತೋರಿಸಬೇಕೆಂದು ಹೇಳುವುದು ಇದಕ್ಕಾಗಿಯೇ. ಪಕ್ಕದ ಶೇ. 4ರ ಕಾಲಮಿನ ಮೇಲೆ ಏಜೆಂಟರ ಬೆರಳು ಸಾಮಾನ್ಯವಾಗಿ ಹೋಗುವುದಿಲ್ಲ. ಖಾತರಿ ಎಂದು ಬರೆದಿರುವುದು 5 ಲಕ್ಷಕ್ಕೆ ಮತ್ತು ಈಗಾಗಲೇ ಸೇರಿದ 1,65,000ಕ್ಕೆ ಮಾತ್ರ ಅನ್ವಯಿಸುತ್ತದೆ, ಅದೂ ಕಂತು ತಪ್ಪದೆ ಕೊನೆಯವರೆಗೆ ಕಟ್ಟಿದರೆ.

ಉಳಿದ 12 ವರ್ಷವೂ ದರ 40ರಲ್ಲೇ ನಿಂತರೆ ಇನ್ನೂ 2,40,000 ಸೇರಿ 2037ರಲ್ಲಿ 9,05,000 ಆಗುತ್ತದೆ. ಪತ್ರದ ಮೊತ್ತಕ್ಕಿಂತ 1,55,000 ಕಡಿಮೆ. ಅದರಲ್ಲಿ 55,000 ಬೋನಸ್ ದರ ಇಳಿದದ್ದರಿಂದ. ಮಿಕ್ಕ ಒಂದು ಲಕ್ಷ ಅಂತಿಮ ಬೋನಸ್: 10,60,000ದಿಂದ 5 ಲಕ್ಷವನ್ನೂ 20 ವರ್ಷದ 4,60,000 ಬೋನಸನ್ನೂ ಕಳೆದು ನೋಡಿ. ಅದು ಪಾಲಿಸಿ ಮುಗಿಯುವ ವರ್ಷ ಕಂಪನಿ ಘೋಷಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನಾದರೆ ಅದನ್ನು ಸೊನ್ನೆ ಎಂದೇ ಹಿಡಿಯುತ್ತೇನೆ.

ವಾರ್ಷಿಕ ಗಳಿಕೆ ತಿಳಿಯಬೇಕಾದರೆ ಎಕ್ಸೆಲ್‌ನಲ್ಲಿ ಇದನ್ನು ಹಾಕಿ:

```
=RATE(20,-25000,0,905000,1)
```

ಸುಮಾರು ಶೇ. 5.4 ಬರುತ್ತದೆ. 905000ದ ಬದಲು 1060000 ಹಾಕಿದರೂ ಸುಮಾರು ಶೇ. 6.7 ಅಷ್ಟೇ, ಎಂಟರಿಂದ ಕಳಚಿಕೊಂಡದ್ದು ಖರ್ಚು ಮತ್ತು ವಿಮಾ ರಕ್ಷಣೆಯ ಬೆಲೆ. ಕೊನೆಯ 1 ಮರೆಯಬೇಡಿ, ಕಂತು ವರ್ಷದ ಆರಂಭದಲ್ಲಿ ಹೋಗುತ್ತದೆ ಎಂಬುದಕ್ಕೆ ಅದು.

ಈ ಅಂಕಿ ನೋಡಿ ಬೇಸರವಾಗಿ ಪಾಲಿಸಿ ಸರೆಂಡರ್ ಮಾಡಲು ಹೊರಟರೆ ಒಂದು ಮಾತು. ಆ 1,65,000 ಪಾಲಿಸಿ ಮುಗಿದಾಗ ಅಥವಾ ಮರಣವಾದಾಗ ಪೂರ್ತಿ ಸಿಗುವ ಹಣ. ಇಂದು ಬಿಟ್ಟರೆ ಅದರ ಒಂದು ಭಾಗ ಮಾತ್ರ ಕೈಗೆ ಬರುತ್ತದೆ. ಶಾಖೆಯಿಂದ ಇಂದಿನ ಸರೆಂಡರ್ ಮೊತ್ತವನ್ನು ಬರಹದಲ್ಲಿ ಪಡೆದು, ನೀವು ಕಟ್ಟಿದ 2,30,625ರ ಪಕ್ಕ ಇಟ್ಟು ನೋಡಿ.