ರೋಸ್ಟ್ ಶುರುವಿಗೆ ನಮ್ಮ ಮೇಲೆ ನಾವೇ ಎಷ್ಟು ಜೋಕ್ ಹೇಳಬೇಕು?

«ಗೆಳೆಯನನ್ನು ಕೂರಿಸಿ ಎಲ್ಲರೂ ಸರದಿಯಲ್ಲಿ ತಮಾಷೆಗೆ ಕಾಲೆಳೆಯುವ ರೋಸ್ಟ್‌ನಲ್ಲಿ ನನಗೆ ಐದು ನಿಮಿಷ ಸಿಕ್ಕಿದೆ. ಮೊದಲ ಎರಡು ನಿಮಿಷ ನನ್ನ ಮೇಲೆ ನಾನೇ ಜೋಕ್: ದಪ್ಪ, ಸಾಲ, ಡಿವೋರ್ಸ್. ಜನ ಒಲಿಯುತ್ತಾರಾ?»

ಎರಡು ನಿಮಿಷ ಬೇಡ, ದಯವಿಟ್ಟು ಬೇಡ. ನಾನೂ ಹೀಗೇ ಮಾಡಿದ್ದೆ. ಆಗಷ್ಟೇ ಕೆಲಸ ಹೋಗಿತ್ತು. ಅದರ ಮೇಲೇ ಆರು ಜೋಕ್ ಬರೆದಿದ್ದೆ. ಮೊದಲನೆಯದಕ್ಕೆ ನಕ್ಕರು. ಮೂರನೆಯದಕ್ಕೆ ಮುಂದಿನ ಸಾಲಿನಲ್ಲಿ ಒಬ್ಬರು ಮೆಲ್ಲಗೆ «ಛೇ, ಪಾಪ» ಎಂದರು. ಅಲ್ಲಿಗೆ ಮುಗಿಯಿತು. ಆಮೇಲೆ ಗೆಳೆಯನ ಕಾಲೆಳೆದರೆ ಒಬ್ಬರೂ ನಗಲಿಲ್ಲ, ಹೊಟ್ಟೆಯುರಿಗೆ ಬೈತಿದ್ದಾನೆ ಅಂದುಕೊಂಡರು. «ಪಾಪ» ಕೇಳಿಸಿತೆಂದರೆ ಉಳಿದ ಸ್ವಂತ ಜೋಕ್‌ಗಳನ್ನೆಲ್ಲ ಬಿಟ್ಟು ಗೆಳೆಯನ ಕಡೆ ತಿರುಗಿಬಿಡಿ.

ಇದೇ ಪ್ರಶ್ನೆಗೆ ಒಬ್ಬರು «ನಿನ್ನನ್ನು ನೀನು ಎಷ್ಟು ಬೈದುಕೊಳ್ತೀಯೋ ಅಷ್ಟು ಲೈಸೆನ್ಸ್» ಎಂದಿದ್ದಾರೆ. ಅರ್ಧ ಸರಿ. ಗೆಳೆಯನ ಕಾಲೆಳೆಯಲು ಲೈಸೆನ್ಸ್ ಸಿಗುತ್ತೆ, ಆದರೆ ನಿಮ್ಮ ಮೇಲೆ ಒಂದೆರಡು ಜೋಕ್ ಹೇಳಿದರೇ ಸಿಕ್ಕಿಬಿಡುತ್ತೆ. ಐದು ನಿಮಿಷಕ್ಕೆ ಅರ್ಧ ನಿಮಿಷ ಸಾಕು.

ಯಾವುದನ್ನು ಇಟ್ಟುಕೊಳ್ಳಬೇಕು? ನೀವು ಮೈಕ್ ಹತ್ತಿರ ಬರುವಷ್ಟರಲ್ಲಿ ಜನರ ಕಣ್ಣಿಗೆ ಬಿದ್ದಿರುವುದನ್ನು. ಅದನ್ನು ನೀವೇ ಹೇಳಿಬಿಟ್ಟರೆ ಅವರ ಬಿಗುಮಾನ ಸಡಿಲವಾಗುತ್ತೆ. ಹಾಗಾಗಿ ದಪ್ಪ ಇರಲಿ. ಸಾಲ, ಡಿವೋರ್ಸ್ ಯಾರಿಗೂ ಕಾಣಲ್ಲ, ಮೊದಲು ವಿವರಿಸಬೇಕು. ವಿವರಿಸುತ್ತಾ ಹೋದರೆ ಅದು ಗೋಳಾಗುತ್ತೆ. ಗಾಯ ಇನ್ನೂ ಹಸಿ ಇದ್ದರೆ ದನಿಯಲ್ಲೇ ಗೊತ್ತಾಗುತ್ತೆ.

ಇನ್ನು ನನಗೆ ಪ್ರತಿ ಸಲ ಕೈಹಿಡಿದದ್ದು: ಸ್ವಂತ ಜೋಕೇ ಗೆಳೆಯನ ಹತ್ತಿರ ಹೋಗುವ ಸೇತುವೆ ಆಗಬೇಕು. ನಿಮ್ಮ ಗೆಳೆಯ ಜಿಪುಣ ಅಂತ ಹೋದ ವಾರ ಬರೆದಿದ್ದಿರಿ ಅಲ್ವಾ? ಹಾಗಾದರೆ ಹೀಗೆ: «ನನ್ನ ಮೈ ನೋಡಿದರೇ ಗೊತ್ತಾಗುತ್ತೆ, ಊಟಕ್ಕೆ ಕರೆದರೆ ಮೊದಲು ಬರೋನು ನಾನು.» ಇಲ್ಲಿ ನಿಲ್ಲಿಸಿ. ನಗು ಇಳಿಯಲು ಬಿಡಿ. ಆಮೇಲೆ ಅವನ ಕಡೆ ಕೈ ತೋರಿಸಿ: «ಬಿಲ್ ಬಂದಾಗ ಮೊದಲು ಹೋಗೋನು ಇವನು.» ಮೊದಲ ಸಾಲು ನಿಮ್ಮ ಮೇಲೆ, ಎರಡನೆಯದು ಅವನ ಮೇಲೆ. ಜನ ನಗುತ್ತಲೇ ನಿಮ್ಮ ಜೊತೆ ದಾಟಿಬಿಡುತ್ತಾರೆ.

ನಿಮಗಿಂತ ಮೊದಲು ಹತ್ತಿದವರು ನಿಮ್ಮ ಮೈ ಮೇಲೆ ಆಗಲೇ ಜೋಕ್ ಹೊಡೆದಿದ್ದರೆ ಈ ಮೊದಲ ಸಾಲು ಸತ್ತಂತೆ. ಅದಕ್ಕೇ ಸುಮ್ನೆ ಇನ್ನೊಂದನ್ನು ಜೇಬಿನಲ್ಲಿಟ್ಟಿರಿ. ಗೆಳೆಯನೂ ದಪ್ಪ ಇದ್ದರೆ ಏನು ಮಾಡೋದು ಅನ್ನೋದು ನನಗಿನ್ನೂ ಬಗೆಹರಿದಿಲ್ಲ. ಒಮ್ಮೆ ಚೆನ್ನಾಗಿ ನಡೆಯಿತು, ಒಮ್ಮೆ ಅವನ ಮುಖ ಸಪ್ಪೆಯಾಯಿತು.

«ನಾನೇನೂ ತಯಾರಿ ಮಾಡಿಲ್ಲ, ಕ್ಷಮಿಸಿ» ಅನ್ನೋದು ಸ್ವಂತ ಜೋಕ್ ಅಲ್ಲ! ಈ ಗುಂಪಿನಲ್ಲಿ ಎಷ್ಟು ಸಲ ಹೇಳಿದರೂ ಜನ ಅದರಿಂದಲೇ ಶುರು ಮಾಡುತ್ತಾರೆ. ಅಮೆರಿಕದ ಕಾಮಿಡಿ ಸೆಂಟ್ರಲ್ ಚಾನೆಲ್‌ನ ರೋಸ್ಟ್‌ಗಳನ್ನು ನೋಡಿ ಅಳತೆ ಹಾಕಬೇಡಿ. ಅವು ಟಿವಿಗೆ ಎಡಿಟ್ ಆಗಿ ಬಂದವು, ನೆಲಕಚ್ಚಿದ ಜೋಕ್‌ಗಳು ಹೆಚ್ಚಾಗಿ ಉಳಿದಿಲ್ಲ.

ಮೈಕ್ ಸ್ಟ್ಯಾಂಡ್‌ನಲ್ಲಿದ್ದರೆ ಮೊದಲೇ ಎತ್ತರ ಸರಿ ಮಾಡಿಕೊಳ್ಳಿ. ಮೊದಲ ಸಾಲು ಹೇಳುವಾಗ ಅದರ ಜೊತೆ ಒದ್ದಾಡಬೇಡಿ.