ಫ್ರಾನ್ಸಲ್ಲಿ ಯಾರಿಗೆ ತ್ಯು, ಯಾರಿಗೆ ವೂ?

ಪ್ರಶ್ನೆ: ಮುಂದಿನ ತಿಂಗಳು ಕೆಲಸಕ್ಕೆ ಲಿಯೋನ್‌ಗೆ ಹೋಗ್ತಾ ಇದೀನಿ. ತ್ಯು ಅಂದ್ರೆ ನೀನು, ವೂ ಅಂದ್ರೆ ನೀವು ಅಂತ ಕ್ಲಾಸಲ್ಲಿ ಹೇಳ್ಕೊಟ್ಟಿದಾರೆ. ಆದ್ರೆ ಆಫೀಸಲ್ಲಿ ಹೊಸ ಕಲೀಗ್‌ಗೆ, ಅಂಗಡಿಯವರಿಗೆ, ಮತ್ತೆ ನಮ್ಮ ಭಾವನ ಅಜ್ಜಿಗೆ (ಭಾವ ಫ್ರೆಂಚ್‌ನವರು, ಅಜ್ಜಿಗೆ 80 ದಾಟಿದೆ) ಯಾವುದು ಬಳಸ್ಬೇಕು? ತಪ್ಪಾದ್ರೆ ಬೇಜಾರ್ ಮಾಡ್ಕೊತಾರಾ?

ಉತ್ತರ:

ಅಂಗಡಿಯವರಿಗೆ ಯಾವಾಗ್ಲೂ ವೂ. ಕಲೀಗ್‌ಗೆ ಮೊದಲು ವೂ, ಅವ್ರು ತ್ಯು ಅಂದ ತಕ್ಷಣ ನೀವೂ ತ್ಯು. ಅಜ್ಜಿಗೆ ಅವರಾಗೇ ತ್ಯು ಅನ್ನು ಅಂತ ಹೇಳೋವರೆಗೂ ವೂ. ಮೊದಲ ವಾರಕ್ಕೆ ಇಷ್ಟು ಸಾಕು. ಆದ್ರೆ ನಮ್ಮ ಕಡೆಯಿಂದ ಬಂದವರು ಎಡವೋದು ಇದರಲ್ಲಲ್ಲ, ಬೇರೆ ಕಡೆ. ಗ್ರೆನೋಬ್ಲ್‌ಗೆ ಬಂದು ಸುಮಾರು ವರ್ಷ ಆಯ್ತು ನಾನು, ಹೊಸದಾಗಿ ಬರೋ ನಮ್ಮವರಲ್ಲಿ ಇದನ್ನ ಮತ್ತೆ ಮತ್ತೆ ನೋಡ್ತೀನಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ನಮ್ಮಲ್ಲಿ ನೀನು-ನೀವು ಒಂದೇ ಕಡೆಗೆ ಹರಿದ್ರೂ ಯಾರಿಗೂ ಏನೂ ಅನ್ಸಲ್ಲ. ಆಫೀಸಲ್ಲಿ ರಿಟೈರ್ ಆಗೋಕೆ ಬಂದಿರೋ ಹಿರಿಯರು "ಬಾರಪ್ಪ, ಕೂತ್ಕೋ" ಅಂತಾರೆ, ನಾವು "ಪರ್ವಾಗಿಲ್ಲ ಸಾರ್, ನೀವು ಕೂತ್ಕೊಳಿ" ಅಂತೀವಿ, ಇಪ್ಪತ್ತು ವರ್ಷ ಹಾಗೇ ನಡೆದ್ರೂ ಇಬ್ಬರಿಗೂ ಹಿತವಾಗೇ ಇರುತ್ತೆ. ಫ್ರೆಂಚಲ್ಲಿ ದೊಡ್ಡವರಾದ ಇಬ್ಬರ ನಡುವೆ ಈ ಲೆಕ್ಕ ಈಗ ನಡೆಯಲ್ಲ. ಇಬ್ಬರೂ ತ್ಯು ಅನ್ಬೇಕು, ಇಲ್ಲಾ ಇಬ್ಬರೂ ವೂ ಅನ್ಬೇಕು. ಒಬ್ಬರು ತ್ಯು ಇನ್ನೊಬ್ಬರು ವೂ ಅಂದ್ರೆ ಮೇಲೆ-ಕೆಳಗೆ ಅನ್ನೋದು ಎದ್ದು ಕಾಣುತ್ತೆ, ಅದು ಅವ್ರಿಗೆ ಮುಜುಗರ. ಇದೆಷ್ಟು ಸೀರಿಯಸ್ ಅಂದ್ರೆ ಪೊಲೀಸರು ರಸ್ತೇಲಿ ಯಾರನ್ನಾದ್ರೂ ನಿಲ್ಲಿಸಿ ತ್ಯು ಅಂತ ಮಾತಾಡಿದ್ರೆ ಅದು ಅವಮಾನ ಅಂತಾನೇ ಲೆಕ್ಕ, ಜನ ಈ ಬಗ್ಗೆ ವರ್ಷಗಟ್ಟಲೆ ದೂರ್ತಾ ಇದ್ರು, 2014ರಿಂದ ಜಾರಿಯಲ್ಲಿರೋ ಪೊಲೀಸರ ನೀತಿಸಂಹಿತೆಯಲ್ಲಿ ಜನರ ಜೊತೆ ವೂ ಅಂತಾನೇ ಮಾತಾಡ್ಬೇಕು ಅಂತ ಬರೆದೇ ಇಟ್ಟಿದಾರೆ.

ಮಕ್ಕಳ ವಿಷಯದಲ್ಲಿ ಮಾತ್ರ ಹಳೇ ಪದ್ಧತಿ ಉಳಿದಿದೆ. 2018ರ ಜೂನ್ 18ಕ್ಕೆ ಪ್ಯಾರಿಸ್ ಪಕ್ಕದ ಮೋಂ-ವಲೇರಿಯನ್‌ನಲ್ಲಿ ಒಂದು ಕಾರ್ಯಕ್ರಮ, ಅಲ್ಲಿ ಸ್ಕೂಲ್ ಹುಡುಗನೊಬ್ಬ ಅಧ್ಯಕ್ಷ ಮ್ಯಾಕ್ರೋನ್‌ಗೆ "ಸಾ ವಾ ಮನ್ಯು?" ಅಂದ, ಅಂದ್ರೆ ಇಮ್ಯಾನ್ಯುಯೆಲ್ ಅನ್ನೋ ಹೆಸರನ್ನ ಚಿಕ್ಕದು ಮಾಡಿ ಹೇಗಿದೀಯಾ ಅಂದ ಹಾಗೆ. ಮ್ಯಾಕ್ರೋನ್ ಅಲ್ಲೇ ನಿಂತು ನನ್ನನ್ನ ಮೊಸ್ಯೂ ಅನ್ನು, ಇಲ್ಲಾ ಮೊಸ್ಯೂ ಅಧ್ಯಕ್ಷರೇ ಅನ್ನು ಅಂತ ತಿದ್ದಿದ್ರು, ಆ ವಿಡಿಯೋ ಎಲ್ಲಾ ಕಡೆ ಓಡಾಡ್ತು. ಗಮನಿಸ್ಬೇಕಾದ್ದೇನಂದ್ರೆ ಹಾಗೆ ತಿದ್ದುವಾಗ ಅವ್ರು ಹುಡುಗನಿಗೆ ಬಳಸಿದ್ದು ತ್ಯು. ಹುಡುಗ ಅಲ್ವಾ, ಅದು ನಡೆಯುತ್ತೆ. ನಿಮ್ಮ ವಯಸ್ಸಿನವರಿಗೆ ಅದೇ ತರ ಹೇಳಿದ್ರೆ ನಡೆಯಲ್ಲ.

ಈಗ ಕಲೀಗ್ ವಿಷಯ. ನೀವು ಯಾವ ಫೀಲ್ಡ್ ಅಂತ ಬರೆದಿಲ್ಲ, ಅದರ ಮೇಲೂ ಹೋಗುತ್ತೆ. ಐಟಿ, ಸ್ಟಾರ್ಟಪ್, ಜಾಹೀರಾತು ಕಂಪನಿ ಆದ್ರೆ ಮೊದಲ ದಿನವೇ ಮ್ಯಾನೇಜರ್ ಸಮೇತ ಎಲ್ಲರೂ ತ್ಯು. ಬ್ಯಾಂಕು, ವಕೀಲರ ಆಫೀಸು, ಸರ್ಕಾರಿ ಕಚೇರಿ ಆದ್ರೆ ವೂ ಹೆಚ್ಚು ದಿನ ಇರುತ್ತೆ. ಒಂದೇ ಕೆಲಸ ಮಾಡೋರು ಬೇಗ ತ್ಯುಗೆ ಬರ್ತಾರೆ, ಮೇಷ್ಟ್ರುಗಳು ಸ್ಟಾಫ್ ರೂಮಲ್ಲಿ ಪರಿಚಯ ಆದ ದಿನವೇ ತ್ಯು ಅನ್ಕೊಳ್ಳೋದು ಮಾಮೂಲಿ.

ಸೋಮವಾರ ಬೆಳಗ್ಗೆ ಹೀಗೆ ನಡೆಯುತ್ತೆ ಅನ್ಕೊಳಿ. ಪಕ್ಕದ ಡೆಸ್ಕಿನವರು ಕೈ ಕೊಡ್ತಾರೆ, ನೀವು "ಬೋಂಜೂರ್" ಅಂತೀರಿ, ಹೆಸರು ಹೇಳ್ತೀರಿ. ಅವ್ರು "ಸಾ ವಾ?" ಅಂತಾರೆ. ಇದರಲ್ಲಿ ತ್ಯುನೂ ಇಲ್ಲ ವೂನೂ ಇಲ್ಲ, ಇನ್ನೂ ಏನೂ ಗೊತ್ತಾಗಲ್ಲ. ನೀವು ಚೆನ್ನಾಗಿದೀನಿ ಅಂತ ಹೇಳಿ "ಎ ವೂ?" ಅಂತ ವಾಪಸ್ ಕೇಳಿ. ಆಮೇಲೆ ಕಿವಿ ಇಟ್ಟು ಕೇಳಿಸ್ಕೊಬೇಕು. ಅವ್ರ ಮುಂದಿನ ಮಾತಲ್ಲಿ ತ್ಯು, ತ, ತ್ವಾ, ತೋನ್ ಇದರಲ್ಲಿ ಯಾವುದಾದ್ರೂ ಒಂದು ಬಂತಾ? ಉದಾಹರಣೆಗೆ ನಿನ್ನ ಬ್ಯಾಡ್ಜ್ ಸಿಕ್ತಾ ಅಂತ ಕೇಳೋವಾಗ "ತೋನ್ ಬ್ಯಾಡ್ಜ್" ಅಂದ್ರಾ? ಅಲ್ಲಿಗೆ ಮುಗೀತು, ಮುಂದಿನ ವಾಕ್ಯದಿಂದಲೇ ನೀವೂ ತ್ಯು. ಕೆಲವರು ಬಾಯಿಬಿಟ್ಟೇ ಕೇಳ್ತಾರೆ, "ಓನ್ ಸ ತ್ಯುತ್ವಾ?", ಅಂದ್ರೆ ನಾವು ತ್ಯು ಅಂತ ಮಾತಾಡೋಣ್ವಾ ಅಂತ. ಅದಕ್ಕೆ "ವ್ವೀ, ಅವೆಕ್ ಪ್ಲೆಝೀರ್" ಅಂತ ಖುಷಿಯಿಂದ ಒಪ್ಕೊಳಿ. ಬೇಡ ಅನ್ನೋದು ಸಾಧ್ಯ, ಆದ್ರೆ ಅದು ಕೊಟ್ಟ ಕೈ ಹಿಡಿಯದೇ ಬಿಟ್ಟ ಹಾಗೆ. ಹೀಗೆ ಕೇಳೋ ಹಕ್ಕು ಸಾಮಾನ್ಯವಾಗಿ ವಯಸ್ಸಲ್ಲಿ ಅಥವಾ ಹುದ್ದೆಯಲ್ಲಿ ದೊಡ್ಡವರದ್ದು, ಸಮವಯಸ್ಕರಾದ್ರೆ ಯಾರು ಬೇಕಾದ್ರೂ ಕೇಳ್ಬಹುದು.

ನಮ್ಮವರು ಎಡವೋದು ಇಲ್ಲೇ. ಐವತ್ತೈದು ವಯಸ್ಸಿನ ಮ್ಯಾನೇಜರ್ ತ್ಯು ಅಂತ ಶುರು ಮಾಡಿರ್ತಾರೆ, ನಮ್ಮ ಹುಡುಗರಿಗೆ ಅಷ್ಟು ದೊಡ್ಡವರಿಗೆ ವಾಪಸ್ ತ್ಯು ಅನ್ನೋಕೆ ನಾಲಿಗೆ ಏಳಲ್ಲ, ಮರ್ಯಾದೆ ಕೊಡ್ತಾ ಇದೀನಿ ಅನ್ಕೊಂಡು ತಿಂಗಳುಗಟ್ಟಲೆ ವೂ ಅಂತಾನೇ ಇರ್ತಾರೆ. ಆ ಮ್ಯಾನೇಜರ್‌ಗೆ ಕೇಳ್ಸೋದೇ ಬೇರೆ. ನಾನು ಹತ್ರ ಬಂದೆ, ಇವ್ನು ದೂರ ನಿಂತ, ನನ್ನ ಜೊತೆ ಬೆರೆಯೋಕೆ ಇಷ್ಟ ಇಲ್ಲ, ಅಥವಾ ನನ್ನನ್ನ ಮುದುಕ ಅನ್ಕೊಂಡಿದಾನೆ ಅಂತ. ನಮ್ಮ ಟೀಮಿಗೆ ಮೈಸೂರು ಕಡೆಯ ಹುಡುಗ ಒಬ್ಬ ಬಂದಿದ್ದ, ಒಳ್ಳೆ ಕೆಲಸಗಾರ, ಮ್ಯಾನೇಜರ್ ಒಂದಿನ ಕಾಫಿ ಮೆಷಿನ್ ಹತ್ರ ನನ್ನನ್ನ ಕರೆದು, ಅವ್ನಿಗೆ ನಮ್ಮ ಮೇಲೆ ಏನಾದ್ರೂ ಬೇಜಾರಾ, ಇನ್ನೂ ವೂ ಅಂತಿದಾನಲ್ಲ ಅಂತ ಕೇಳಿದ್ರು. ನಾನು ಅವ್ರಿಗೆ ನಮ್ಮ ಕಡೆ ಪದ್ಧತಿ ಹೇಳ್ದೆ, ಹುಡುಗನಿಗೆ ಇಲ್ಲಿನ ಪದ್ಧತಿ ಹೇಳ್ದೆ. ಅವ್ನಿಗೆ ಒಗ್ಗೋಕೆ ಒಂದು ವಾರ ಹಿಡೀತು ಅಷ್ಟೇ. ಮರ್ಯಾದೆ ತೋರಿಸೋಕೆ ಇಲ್ಲಿ ಬೇರೆ ದಾರಿ ಇದೆ, ಮೀಟಿಂಗಿಗೆ ಹೊತ್ತಿಗೆ ಸರಿಯಾಗಿ ಬರೋದು, ಬೆಳಗ್ಗೆ ಪ್ರತಿಯೊಬ್ಬರಿಗೂ ಬೋಂಜೂರ್ ಹೇಳೋದು, ಅದನ್ನ ಚೆನ್ನಾಗಿ ಗಮನಿಸ್ತಾರೆ.

ಇಮೇಲಲ್ಲಿ ಒಂದು ಮಧ್ಯದ ಘಟ್ಟ ಇದೆ, ಹೆಸರು ಹಿಡಿದು ಕರೀತಾರೆ ಆದ್ರೂ ವೂ ಅಂತಾರೆ. ಬೇರೆ ಡಿಪಾರ್ಟ್‌ಮೆಂಟಿನವರು, ಕ್ಲೈಂಟ್ ಕಡೆಯವರು ಹೀಗೆ ಬರೀತಾರೆ. ಹೆಸರು ಹಿಡಿದ್ರು ಅಂದ್ರೆ ತ್ಯುಗೆ ಒಪ್ಪಿಗೆ ಸಿಕ್ತು ಅಂತ ಅನ್ಕೊಬೇಡಿ.

ಇನ್ನೂ ತೀರ್ಮಾನ ಆಗದೇ ಇರೋವಾಗ ಏನ್ ಮಾಡ್ಬೇಕು? ಇದು ನಿಮಗೆ ಆಗ್ಲೇ ಗೊತ್ತಿರೋ ವಿದ್ಯೆ. ಊರಲ್ಲಿ ನೀನು ಅನ್ಬೇಕಾ ನೀವು ಅನ್ಬೇಕಾ ಗೊತ್ತಾಗದ ನೆಂಟರು ಎದುರಾದ್ರೆ ನಾವು "ಯಾವಾಗ ಬಂದಿದ್ದು?", "ಊಟ ಆಯ್ತಾ?" ಅಂತ ಕೇಳ್ತೀವಲ್ಲ, ಯಾರು ಬಂದಿದ್ದು ಅನ್ನೋದನ್ನ ಕ್ರಿಯಾಪದದಲ್ಲಿ ಹೇಳೋದೇ ಇಲ್ಲ. ಫ್ರೆಂಚರೂ ಹಾಗೇ ನುಣುಚಿಕೊಳ್ತಾರೆ. "ಓನ್ ಮಾಂಝ್ ಊ?" ಅಂದ್ರೆ ಎಲ್ಲಿ ಊಟ ಮಾಡೋಣ ಅಂತ, ಇದರಲ್ಲಿ ತ್ಯು ವೂ ಎರಡೂ ಬೇಕಾಗಿಲ್ಲ. ವೀಕೆಂಡ್ ಚೆನ್ನಾಗಿತ್ತಾ ಅಂತ ಕೇಳೋಕೂ ಬೇಕಾಗಿಲ್ಲ. ಅರ್ಧ ದಿನ ಹೀಗೆ ತಳ್ಳಬಹುದು, ಅಷ್ಟರಲ್ಲಿ ಅವ್ರೇ ಯಾವುದಾದ್ರೂ ಒಂದು ಬಳಸಿರ್ತಾರೆ.

ಅಂಗಡಿ ವಿಷಯ ಸುಲಭ. ಬೇಕರಿ ಕೌಂಟರಲ್ಲಿ ಇಪ್ಪತ್ತು ವರ್ಷದ ಹುಡುಗಿ ಇದ್ರೂ ವೂ, ನಿಮ್ಮ ಮಗಳ ವಯಸ್ಸಿನವಳಾದ್ರೂ ವೂ. ನಮ್ಮ ಹಾಗೆ ತರಕಾರಿಯವರನ್ನ, ಹೋಟೆಲ್ ಸಪ್ಲೈಯರ್‌ನ ಏಕವಚನದಲ್ಲಿ ಕರೆಯೋ ರೂಢಿ ಇಲ್ಲಿ ಬೇಡವೇ ಬೇಡ, ಅದನ್ನ ಮನೆಯಲ್ಲೇ ಬಿಟ್ಟು ಬನ್ನಿ. ಆದ್ರೆ ಇಲ್ಲಿ ವೂಗಿಂತ ಮುಂಚೆ ಬೇಕಾಗಿರೋದು ಬೋಂಜೂರ್. ಒಳಗೆ ಕಾಲಿಟ್ಟ ತಕ್ಷಣ "ಬೋಂಜೂರ್ ಮದಾಮ್" ಅಥವಾ "ಬೋಂಜೂರ್ ಮೊಸ್ಯೂ", ಆಮೇಲೆ ಏನು ಬೇಕೋ ಅದು, ಕೊನೆಗೆ "ಸಿಲ್ ವೂ ಪ್ಲೇ". ಬೋಂಜೂರ್ ಇಲ್ಲದೆ ನೇರ ಇದು ಎಷ್ಟು ಅಂತ ಕೇಳಿದ್ರೆ ನಿಮ್ಮ ವೂ ಎಷ್ಟೇ ಸರಿಯಾಗಿದ್ರೂ ಮುಖ ಗಂಟು ಹಾಕ್ಕೊಂಡು "ಬೋಂಜೂರ್" ಅಂತ ಅವ್ರೇ ಒತ್ತಿ ಹೇಳ್ತಾರೆ. ಅದು ಸ್ವಾಗತ ಅಲ್ಲ, ನೀವು ಹೇಳ್ಲಿಲ್ಲ ಅಂತ ನೆನಪು ಮಾಡೋದು. ಸಂತೆಯಲ್ಲಿ ಹಣ್ಣಿನವರು, ರಾತ್ರಿ ಬಾರ್‌ನಲ್ಲಿ ಹುಡುಗರು ಕೆಲವೊಮ್ಮೆ ತ್ಯು ಅಂತ ಶುರು ಮಾಡ್ತಾರೆ, ಆಗ ನೀವೂ ಅಂದ್ರೆ ತಪ್ಪಿಲ್ಲ. ಮುಂದೆ ಯಾವತ್ತಾದ್ರೂ ಕೆನಡಾದ ಕ್ಯೂಬೆಕ್‌ಗೆ ಹೋದ್ರೆ ಅಲ್ಲಿ ತ್ಯು ಇನ್ನೂ ಧಾರಾಳ, ಅದನ್ನ ನೋಡಿ ಲಿಯೋನಲ್ಲಿ ಮಾಡೋಕೆ ಹೋಗ್ಬೇಡಿ.

ಅಜ್ಜಿ ವಿಷಯಕ್ಕೆ ಬಂದ್ರೆ, ಮನೆಯೊಳಗೆ ಫ್ರೆಂಚರು ಈಗ ಹೆಚ್ಚುಕಮ್ಮಿ ಎಲ್ಲರಿಗೂ ತ್ಯು ಅಂತಾರೆ. ನಿಮ್ಮ ಭಾವ ಆ ಅಜ್ಜಿಗೆ ತ್ಯು ಅನ್ನೋದೇ ಹೆಚ್ಚು ಸಾಧ್ಯ, ಅದನ್ನ ನೋಡಿ ಅಯ್ಯೋ ಇಷ್ಟು ದೊಡ್ಡವರಿಗೆ ಅನ್ಕೊಬೇಡಿ, ನಮ್ಮಲ್ಲೂ ಎಷ್ಟೋ ಮನೆಯಲ್ಲಿ ಅಮ್ಮನಿಗೆ, ಅಜ್ಜಿಗೆ ನೀನು ಅಂತಾನೇ ಕರೀತೀವಲ್ಲ. ಹಳೇ ಶ್ರೀಮಂತ ಮನೆತನಗಳಲ್ಲಿ ಮಾತ್ರ ಗಂಡ-ಹೆಂಡತಿನೂ ವೂ ಅನ್ಕೊಳ್ಳೋದುಂಟು, ಅಧ್ಯಕ್ಷರಾಗಿದ್ದ ಜಾಕ್ ಶಿರಾಕ್ ಮತ್ತೆ ಅವ್ರ ಹೆಂಡತಿ ಬರ್ನಾಡೆಟ್ ಹಾಗೇ ಮಾತಾಡ್ಕೊತಿದ್ರು. ಆದ್ರೆ ನಿಮ್ಮದು ರಕ್ತಸಂಬಂಧ ಅಲ್ಲ, ಮದುವೆಯಿಂದ ಬಂದ ನಂಟು. ಅತ್ತೆ-ಮಾವನಿಗೇ ಇಲ್ಲಿ ಮೊದಲು ವೂ ಅಂತ ಶುರು ಮಾಡೋದು, ಅವ್ರು ತ್ಯು ಅನ್ನು ಅಂದ್ಮೇಲೆ ಬದಲಾಯ್ಸೋದು, ಕೆಲವು ಅಳಿಯಂದಿರು ಕೊನೆವರೆಗೂ ವೂ ಅಂತಾನೇ ಇರ್ತಾರೆ, ಅದರಲ್ಲಿ ಮುನಿಸೇನೂ ಇಲ್ಲ.

ಹಾಗಾಗಿ "ಬೋಂಜೂರ್ ಮದಾಮ್" ಅಂತ ಶುರು ಮಾಡಿ, ವೂ ಅನ್ನಿ. ಅಜ್ಜಿ ನಿಮಗೆ ತ್ಯು ಅನ್ಬಹುದು, ಮೊಮ್ಮಗನ ವಯಸ್ಸಿನವರು ನೀವು. ಮೇಲೆ ಆಫೀಸಿಗೆ ಹೇಳಿದ ನಿಯಮ ಇಲ್ಲಿ ಸಡಿಲ ಆಗುತ್ತೆ, ಅವ್ರು ತ್ಯು ಅಂದ್ರೂ ನೀವು ವೂನಲ್ಲೇ ಇರಿ, 80 ದಾಟಿದವರ ಜೊತೆ ಈ ವ್ಯತ್ಯಾಸ ಸಹಜ ಅನ್ಸುತ್ತೆ. "ತ್ಯು ಪು ಮ ತ್ಯುತ್ವಾಯೇ" ಅಂದ್ರೆ ಅನುಮತಿ ಸಿಕ್ತು ಅಂತ, ಆಗ ಬದಲಾಯ್ಸಿ. ಅನುಮತಿ ಇಲ್ಲದೆ ಪ್ರೀತಿಯಿಂದ ತ್ಯು ಅನ್ನೋದು ಮಾತ್ರ ಬೇಡ, ವಯಸ್ಸಾದವರಿಗೆ ಅಪರಿಚಿತರು ತ್ಯು ಅಂದ್ರೆ ಮಗು ತರ ನೋಡ್ತಿದಾರೆ ಅನ್ಸುತ್ತೆ, ವೃದ್ಧಾಶ್ರಮಗಳಲ್ಲಿ ನೋಡ್ಕೊಳ್ಳೋರಿಗೆ ವೂ ಅನ್ನಿ ಅಂತ ಕಲಿಸೋದು ಅದಕ್ಕೇ.

ಬೇಜಾರ್ ಮಾಡ್ಕೊತಾರಾ ಅಂತ ಕೇಳಿದ್ರಿ. ನಿಮ್ಮ ಉಚ್ಚಾರಣೆ ಕೇಳಿದ ಕೂಡ್ಲೇ ಹೊರಗಿನವರು ಅಂತ ಗೊತ್ತಾಗುತ್ತೆ, ಒಂದೆರಡು ಸಲ ತಪ್ಪಿದ್ರೆ ಯಾರೂ ಮನಸ್ಸಿಗೆ ಹಚ್ಕೊಳಲ್ಲ. ಒಂದೇ ಮಾತಲ್ಲಿ ಎರಡೂ ಕಲಸಿ ಹೋಗೋದೇ ಹೆಚ್ಚು, ವೂ ಅಂತ ಶುರು ಮಾಡಿ ಕೊನೆಗೆ "ಸಿಲ್ ತ ಪ್ಲೇ" ಅನ್ನೋದು. ಅದಕ್ಕೆ "ಎಕ್ಸ್‌ಕ್ಯುಝೇ ಮ್ವಾ" (ವೂ ಅನ್ನೋರಿಗೆ) ಮತ್ತೆ "ಎಕ್ಸ್‌ಕ್ಯುಝ್ ಮ್ವಾ" (ತ್ಯು ಅನ್ನೋರಿಗೆ) ಇವೆರಡನ್ನ, ಹಾಗೇ "ಸಿಲ್ ವೂ ಪ್ಲೇ" ಮತ್ತೆ "ಸಿಲ್ ತ ಪ್ಲೇ" ಇವೆರಡನ್ನ ಹೊರಡೋಕೆ ಮುಂಚೆ ಜೋಡಿ ಜೋಡಿಯಾಗಿ ಬಾಯಲ್ಲಿ ಹೇಳಿ ರೂಢಿ ಮಾಡ್ಕೊಳಿ. ಇವತ್ತೇ ಭಾವನಿಗೆ ಫೋನ್ ಮಾಡಿ, ಅಕ್ಕ ಆ ಅಜ್ಜಿಗೆ ಏನಂತಾರೆ ಅಂತಲೂ ಕೇಳ್ಬಿಡಿ, ಅಕ್ಕನೇ ಇನ್ನೂ ವೂ ಅಂತಿದ್ರೆ ನೀವು ಯೋಚಿಸೋದೇ ಬೇಕಾಗಿಲ್ಲ.